ಅಧ್ಯಯನ ರಜೆ: ಅರ್ಜಿಯಿಂದ ಕಡ್ಡಾಯ ಸೇವೆಯ ಕೊನೆಯ ದಿನಾಂಕದವರೆಗೆ

ಎರಡು ವರ್ಷದ ಸ್ನಾತಕೋತ್ತರ ವ್ಯಾಸಂಗ ಮುಗಿಸಿ ಮತ್ತೆ ಕೆಲಸಕ್ಕೆ ಹಾಜರಾದ ಮೇಲೂ ನನ್ನ ಅಧ್ಯಯನ ರಜೆಯ ಕಡತ ಮುಚ್ಚಲಿಲ್ಲ. ಅದು ಮುಚ್ಚಿದ್ದು ಕಳೆದ ವಾರ, ಕಡ್ಡಾಯ ಸೇವೆಯ ಕೊನೆಯ ದಿನಾಂಕವನ್ನು ತಿದ್ದಿ ಹೊರಡಿಸಿದ ಒಂದು ಪುಟದ ಆದೇಶ ಕೈಸೇರಿದಾಗ. ಆ ದಿನಾಂಕ ಮೊದಲು ಏಕೆ ತಪ್ಪಾಗಿತ್ತು, ಅದನ್ನು ತಿದ್ದಿಸಲು ಏನು ಬೇಕಾಯಿತು ಎಂಬುದನ್ನೂ, ಅದಕ್ಕೂ ಮೊದಲಿನ ಮೂರು ವರ್ಷಗಳ ಓಡಾಟವನ್ನೂ ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ನಿಯಮಗಳ ವಿವರ ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾಗುತ್ತದೆ, ಆದರೆ ಎಡವುವ ಜಾಗಗಳು ಹೆಚ್ಚುಕಡಿಮೆ ಒಂದೇ ಎಂಬುದು ರಜೆ ಪಡೆದ ಬೇರೆಯವರೊಡನೆ ಮಾತನಾಡಿದಾಗ ನನಗೆ ತಿಳಿಯಿತು.

ನಾನು ಒಂದು ಪರೀಕ್ಷಣಾ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಸಂಸ್ಥೆಯ ನಿಯಮ ಸಂಕ್ಷೇಪವಾಗಿ ಹೀಗಿದೆ. ಐದು ವರ್ಷದ ನಿರಂತರ ಸೇವೆ ಪೂರೈಸಿದವರು ತಮ್ಮ ಕೆಲಸಕ್ಕೆ ಸಂಬಂಧಪಟ್ಟ ವಿಷಯದಲ್ಲಿ ಗರಿಷ್ಠ ಎರಡು ವರ್ಷ ಅಧ್ಯಯನ ರಜೆ ಪಡೆಯಬಹುದು. ಮೊದಲ ವರ್ಷ ಪೂರ್ಣ ವೇತನ, ಎರಡನೆಯ ವರ್ಷ ಅರ್ಧ ವೇತನ. ಪ್ರಾಯೋಜಕತ್ವ ಮಂಜೂರಾದರೆ ಬೋಧನಾ ಶುಲ್ಕದ ಮುಕ್ಕಾಲು ಪಾಲನ್ನು ಸಂಸ್ಥೆ ಕೊಡುತ್ತದೆ. ಹಿಂದಿರುಗಿದ ಮೇಲೆ ರಜೆಯ ಎರಡರಷ್ಟು ಅವಧಿ ಅಲ್ಲೇ ಸೇವೆ ಸಲ್ಲಿಸಬೇಕು. ನಡುವೆ ಬಿಟ್ಟುಹೋದರೆ ಸಂಸ್ಥೆ ಮಾಡಿದ ಖರ್ಚನ್ನು ಮರಳಿಸಬೇಕು. ಕೈಪಿಡಿಯಲ್ಲಿ ಇದು ಒಂದೂವರೆ ಪುಟ ಮಾತ್ರ, ಆದ್ದರಿಂದ ನಾನೂ ಇದನ್ನು ಸುಲಭದ ವಿಷಯವೆಂದೇ ಭಾವಿಸಿದ್ದೆ.

ಮೊದಲ ಅಡ್ಡಿ ಪ್ರವೇಶ ಪರೀಕ್ಷೆಗೂ ಮುಂಚೆಯೇ ಬಂತು. ವಿಶ್ವವಿದ್ಯಾಲಯದ ಅರ್ಜಿಯಲ್ಲಿ ಉದ್ಯೋಗಸ್ಥ ಅಭ್ಯರ್ಥಿಗಳು ಉದ್ಯೋಗದಾತರ ನಿರಾಕ್ಷೇಪಣಾ ಪತ್ರವನ್ನು ಲಗತ್ತಿಸಬೇಕೆಂದಿತ್ತು. ಅದನ್ನು ಸೀಟು ಸಿಕ್ಕಮೇಲೆ ಕೊಟ್ಟರಾಯಿತು ಎಂದುಕೊಂಡು ನಾನು ಪರೀಕ್ಷೆಗೆ ಅರ್ಜಿ ಹಾಕಿದೆ. ಬಳಿಕ ಆಡಳಿತ ವಿಭಾಗಕ್ಕೆ ಹೋದಾಗ ಅಲ್ಲಿನ ಮೇಡಂ ಕೈಪಿಡಿಯ ಒಂದು ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ಅರ್ಜಿ ಸಲ್ಲಿಸುವ ಮುನ್ನವೇ ಅನುಮತಿ ಪಡೆಯಬೇಕೆಂದು ಅದರಲ್ಲಿತ್ತು. "ನೀವು ಅರ್ಜಿ ಹಾಕಿದ ಮೇಲೆ ಬಂದಿದ್ದೀರಿ. ವಿಳಂಬಕ್ಕೆ ಕಾರಣ ಬರೆದು ಕೊಡಿ, ನಾನು ಮೇಲಕ್ಕೆ ಕಳಿಸುತ್ತೇನೆ" ಎಂದರು. ಕಾರಣ ಬರೆದುಕೊಟ್ಟೆ. ಪತ್ರ ಬರಲು ಹತ್ತೊಂಬತ್ತು ದಿನ ಹಿಡಿಯಿತು. ಅಷ್ಟರಲ್ಲಿ ಲಗತ್ತು ಸೇರಿಸಲು ವಿಶ್ವವಿದ್ಯಾಲಯ ಕೊಟ್ಟಿದ್ದ ಗಡುವು ಮುಗಿಯಲು ಎರಡೇ ದಿನ ಉಳಿದಿತ್ತು.

ನಿರಾಕ್ಷೇಪಣಾ ಪತ್ರ ಬೇರೆ, ರಜೆಯ ಮಂಜೂರಾತಿ ಬೇರೆ, ಪ್ರಾಯೋಜಕತ್ವ ಬೇರೆ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನೀವು ಓದಲು ಹೋಗುವುದಕ್ಕೆ ಸಂಸ್ಥೆಯ ತಕರಾರಿಲ್ಲ ಎಂದಷ್ಟೇ ಮೊದಲನೆಯದು ಹೇಳುತ್ತದೆ. ನಿಮ್ಮ ಹುದ್ದೆ ಉಳಿಯುತ್ತದೆ, ವೇತನ ಬರುತ್ತದೆ ಎಂಬ ಭರವಸೆ ಎರಡನೆಯದರಲ್ಲಿದೆ. ಮೂರನೆಯದು ಶುಲ್ಕಕ್ಕೆ ಸಂಬಂಧಿಸಿದ್ದು. ನನ್ನ ಜೊತೆಯಲ್ಲಿ ಅರ್ಜಿ ಹಾಕಿದ್ದ ಸಹೋದ್ಯೋಗಿಯೊಬ್ಬರು ಮೊದಲನೆಯ ಪತ್ರವನ್ನೇ ಮಂಜೂರಾತಿ ಎಂದು ತಿಳಿದು ಬೇರೆ ಊರಿನಲ್ಲಿ ಮನೆ ಗೊತ್ತುಮಾಡಿ ಮುಂಗಡವನ್ನೂ ಕೊಟ್ಟಿದ್ದರು. ಅವರಿಗೆ ರಜೆ ಸಿಗಲಿಲ್ಲ.

ರಜೆಯ ಅರ್ಜಿಯನ್ನು ನಾನು ವ್ಯಾಸಂಗ ಆರಂಭವಾಗುವುದಕ್ಕೆ ಏಳು ತಿಂಗಳು ಮೊದಲು ಕೊಟ್ಟೆ. ಆಗ ಪ್ರವೇಶದ ಫಲಿತಾಂಶ ಬಂದಿರಲಿಲ್ಲ. ಆದರೂ ಮೊದಲೇ ಕೊಡಲು ಕಾರಣವಿತ್ತು. ರಜೆಯನ್ನು ಪರಿಶೀಲಿಸುವ ಸಮಿತಿ ಮೂರು ತಿಂಗಳಿಗೊಮ್ಮೆ ಮಾತ್ರ ಸೇರುತ್ತದೆ, ವಿಶ್ವವಿದ್ಯಾಲಯವಾದರೋ ಪ್ರವೇಶ ಪತ್ರ ಕೊಟ್ಟ ಮೂವತ್ತು ದಿನದೊಳಗೆ ಶುಲ್ಕ ಕಟ್ಟಿಸಿಕೊಳ್ಳುತ್ತದೆ. ಪ್ರವೇಶ ಪತ್ರ ಬಂದ ಮೇಲೆ ಅರ್ಜಿ ಕೊಟ್ಟರೆ ಈ ಎರಡು ಕಾಲಪಟ್ಟಿ ಎಂದೂ ಕೂಡಿಬರುವುದಿಲ್ಲ. ಆದ್ದರಿಂದ "ಪ್ರವೇಶ ದೊರೆಯುವುದಕ್ಕೆ ಒಳಪಟ್ಟು" ರಜೆ ಮಂಜೂರು ಮಾಡಬೇಕೆಂದು ಕೋರಿಕೆಯಲ್ಲೇ ಬರೆದೆ. ಈ ಮೂರು ಪದ ಇಲ್ಲದಿದ್ದರೆ ಪ್ರವೇಶ ಪತ್ರ ಲಗತ್ತಿಸಿಲ್ಲ ಎಂಬ ಆಕ್ಷೇಪಣೆಯೊಂದಿಗೆ ಕಡತ ವಾಪಸು ಬರುತ್ತಿತ್ತು.

ಆದರೂ ಕಡತ ವಾಪಸು ಬಂತು, ಬೇರೆ ಕಾರಣಕ್ಕೆ. ನಾನು ಸೇರಿ ಐದು ವರ್ಷ ಎರಡು ತಿಂಗಳಾಗಿದ್ದರೂ ಅದರಲ್ಲಿ ಮೊದಲ ಎಂಟು ತಿಂಗಳು ಗುತ್ತಿಗೆಯ ನೇಮಕಾತಿಯಾಗಿತ್ತು. ಆ ಅವಧಿಯನ್ನು ನಿರಂತರ ಸೇವೆಗೆ ಸೇರಿಸಲು ಬರುವುದಿಲ್ಲವೆಂದೂ, ಆದ್ದರಿಂದ ನನ್ನ ಅರ್ಹ ಸೇವೆ ನಾಲ್ಕೂವರೆ ವರ್ಷ ಮಾತ್ರವೆಂದೂ, ಮುಂದಿನ ವರ್ಷ ಮತ್ತೆ ಅರ್ಜಿ ಸಲ್ಲಿಸಬಹುದೆಂದೂ ಟಿಪ್ಪಣಿಯಲ್ಲಿ ಬರೆದಿತ್ತು. ಅದನ್ನು ಓದಿದ ಸಂಜೆ ನಾನು ಓದುವ ಆಸೆಯನ್ನೇ ಬಿಟ್ಟಿದ್ದೆ. ಒಂದು ವರ್ಷ ಕಾಯುವುದೆಂದರೆ ಪ್ರವೇಶ ಪರೀಕ್ಷೆಯನ್ನೂ ಮತ್ತೊಮ್ಮೆ ಬರೆಯಬೇಕಿತ್ತು.

ಎರಡು ದಿನ ಬಿಟ್ಟು ಕೈಪಿಡಿಯ ಅದೇ ವಾಕ್ಯವನ್ನು ನಿಧಾನವಾಗಿ ಓದಿದೆ. "ರಜೆ ಆರಂಭವಾಗುವ ದಿನಾಂಕಕ್ಕೆ ಐದು ವರ್ಷದ ನಿರಂತರ ಸೇವೆ ಪೂರೈಸಿರತಕ್ಕದ್ದು" ಎಂದಿತ್ತು. ಸೇವೆಯನ್ನು ಎಣಿಸಬೇಕಾದದ್ದು ಅರ್ಜಿಯ ದಿನಕ್ಕಲ್ಲ, ರಜೆ ಆರಂಭವಾಗುವ ದಿನಕ್ಕೆ. ಗುತ್ತಿಗೆಯ ಅವಧಿಯನ್ನು ಕಳೆದರೂ ನಾಲ್ಕು ವರ್ಷ ಆರು ತಿಂಗಳಿಗೆ ಇನ್ನುಳಿದ ಏಳು ತಿಂಗಳು ಸೇರಿದರೆ ಐದು ವರ್ಷ ಒಂದು ತಿಂಗಳಾಗುತ್ತಿತ್ತು. ಗುತ್ತಿಗೆಯ ವಿಷಯದಲ್ಲಿ ವಾದಕ್ಕೆ ಹೋಗದೆ ಅವರ ಲೆಕ್ಕವನ್ನೇ ಒಪ್ಪಿಕೊಂಡು, ಕಾಯಂ ನೇಮಕಾತಿ ಆದೇಶದ ಪ್ರತಿಯನ್ನೂ ವಿಶ್ವವಿದ್ಯಾಲಯದ ಶೈಕ್ಷಣಿಕ ವೇಳಾಪಟ್ಟಿಯನ್ನೂ ಇಟ್ಟು, ಆ ವಾಕ್ಯವನ್ನು ಉದ್ಧರಿಸಿ ಒಂದು ಪುಟದ ಮನವಿ ಕೊಟ್ಟೆ. ಆಕ್ಷೇಪಣೆ ಬಿದ್ದುಹೋಯಿತು. ನಿಮ್ಮ ಸೇವೆ ಗಡಿಯಂಚಿನಲ್ಲಿದ್ದರೆ ಎಷ್ಟು ವರ್ಷ ಎಂಬುದಕ್ಕಿಂತ ಯಾವ ದಿನಾಂಕಕ್ಕೆ ಎಂಬುದನ್ನು ಮೊದಲು ನೋಡಿಕೊಳ್ಳಿ. ಕೆಲವು ಕಡೆ ಆ ದಿನಾಂಕ ಅರ್ಜಿಯದ್ದೇ ಆಗಿರುತ್ತದೆ, ಆಗ ನನ್ನ ಈ ದಾರಿ ನಿಮಗೆ ಸಿಗುವುದಿಲ್ಲ. ಪ್ರೊಬೇಷನ್ ಅವಧಿ ಸೇರುತ್ತದೆಯೇ, ಹಿಂದೆ ಪಡೆದ ವೇತನರಹಿತ ರಜೆ ನಿರಂತರತೆಯನ್ನು ಮುರಿಯುತ್ತದೆಯೇ ಎಂಬುದನ್ನೂ ಆಗಲೇ ಕೇಳಿ ಲಿಖಿತವಾಗಿ ಪಡೆದುಕೊಳ್ಳುವುದು ಒಳ್ಳೆಯದು.

ಸಮಿತಿ ಸಂದರ್ಶನದಲ್ಲಿ ಕೇಳಿದ್ದು ಎರಡೇ ಪ್ರಶ್ನೆ. ಈ ವ್ಯಾಸಂಗದಿಂದ ಈ ವಿಭಾಗಕ್ಕೆ ಏನು ಪ್ರಯೋಜನ, ನೀವಿಲ್ಲದಿರುವ ಎರಡು ವರ್ಷ ನಿಮ್ಮ ಕೆಲಸ ಯಾರು ಮಾಡುತ್ತಾರೆ. ಮೊದಲನೆಯದಕ್ಕೆ ಪುಟಗಟ್ಟಲೆ ತಯಾರಿ ಮಾಡಿಕೊಂಡು ಹೋಗಿದ್ದೆ. ಆದರೆ ಅವರು ಹೆಚ್ಚು ಹೊತ್ತು ಮಾತನಾಡಿದ್ದು ಎರಡನೆಯದನ್ನೇ. ನಮ್ಮ ವಿಭಾಗದ ಮುಖ್ಯಸ್ಥರು ನನ್ನ ಕೆಲಸಗಳನ್ನು ಇಬ್ಬರಿಗೆ ಹಂಚಿ ಸಹಿ ಮಾಡಿದ ಒಂದು ಪಟ್ಟಿಯನ್ನು ಮೊದಲೇ ಕೊಟ್ಟಿದ್ದರು. ಅದು ಇಲ್ಲದಿದ್ದರೆ ಉತ್ತರಿಸುವುದು ಕಷ್ಟವಾಗುತ್ತಿತ್ತು.

ಮಂಜೂರಾತಿ ಬಂದ ಮೇಲೆ ಮುಚ್ಚಳಿಕೆ ಪತ್ರ, ಅಂದರೆ ಎಲ್ಲರೂ ಬಾಂಡ್ ಎನ್ನುವ ಕಾಗದ. ಇಡೀ ಪ್ರಕ್ರಿಯೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವ ಕಾಗದ ಇದು. ಆದರೆ ಅದು ಕೈಗೆ ಬರುವುದು ನೀವು ಹೊರಡುವ ಗಡಿಬಿಡಿಯಲ್ಲಿರುವಾಗ. ನನಗೆ ಸಹಿಗೆಂದು ಕೊಟ್ಟ ನಮೂನೆಯಲ್ಲಿ, ಕಡ್ಡಾಯ ಸೇವೆ ಪೂರೈಸದೆ ಬಿಟ್ಟರೆ "ರಜೆಯ ಅವಧಿಯಲ್ಲಿ ಪಾವತಿಸಿದ ಪೂರ್ಣ ಮೊತ್ತವನ್ನು" ಮರಳಿಸಬೇಕೆಂದಿತ್ತು. ಕೈಪಿಡಿಯಲ್ಲಾದರೆ "ಪೂರೈಸದೆ ಉಳಿದ ಅವಧಿಗೆ ಅನುಗುಣವಾಗಿ" ಎಂದಿತ್ತು. ಎರಡರ ನಡುವಿನ ವ್ಯತ್ಯಾಸ ಬಹಳ ದೊಡ್ಡದು. ನಲವತ್ತೆಂಟು ತಿಂಗಳ ಕಡ್ಡಾಯ ಸೇವೆಯಲ್ಲಿ ನಲವತ್ತೇಳು ತಿಂಗಳು ದುಡಿದು ಒಂದು ತಿಂಗಳು ಮುಂಚೆ ಬಿಟ್ಟವರು, ನಮೂನೆಯ ಪ್ರಕಾರ ಎಲ್ಲವನ್ನೂ ಕಟ್ಟಬೇಕು, ಕೈಪಿಡಿಯ ಪ್ರಕಾರ ನಲವತ್ತೆಂಟರಲ್ಲಿ ಒಂದು ಪಾಲು ಕಟ್ಟಿದರೆ ಸಾಕು.

ವಿಚಾರಿಸಿದಾಗ, ನಿಯಮ ತಿದ್ದುಪಡಿಯಾದರೂ ನಮೂನೆಯನ್ನು ಯಾರೂ ಬದಲಿಸಿಲ್ಲ ಎಂದು ಗೊತ್ತಾಯಿತು. "ಆಚರಣೆಯಲ್ಲಿ ನಾವು ಕೈಪಿಡಿಯನ್ನೇ ಅನುಸರಿಸುತ್ತೇವೆ, ನೀವು ಸಹಿ ಮಾಡಿ" ಎಂದು ಒಬ್ಬರು ಹೇಳಿದರು. ಅವರ ಮಾತನ್ನು ನಾನು ಸಂಶಯಿಸಲಿಲ್ಲ. ಆದರೆ ನಾನು ಸಹಿ ಮಾಡುವುದು ನಮೂನೆಗೆ, ಆರು ವರ್ಷದ ನಂತರ ಆ ಕುರ್ಚಿಯಲ್ಲಿ ಅವರು ಇರುತ್ತಾರೆಂಬ ಖಾತ್ರಿಯೂ ಇಲ್ಲ. ಆ ವಾಕ್ಯವನ್ನು ಹೊಡೆದು, ಮೇಲೆ ಹೊಸ ವಾಕ್ಯ ಬರೆದು, ಎರಡೂ ಕಡೆಯವರು ಅಂಚಿನಲ್ಲಿ ಕಿರುಸಹಿ ಹಾಕುವವರೆಗೆ ಒಂಬತ್ತು ದಿನ ಕಾದೆ. ಅಷ್ಟು ದಿನವೂ ಆ ಕಡತ ಕಾನೂನು ಶಾಖೆಯ ಮೇಜಿನ ಮೇಲಿತ್ತು. ದಿನಕ್ಕೊಮ್ಮೆ ಹೋಗಿ ನಿಂತು ಬರುವುದು ಮುಜುಗರದ ಕೆಲಸವಾಗಿತ್ತು, ಆದರೂ ಹೋದೆ.

ಜಾಮೀನಿನ ವಿಷಯ ಇದರ ಬೆನ್ನಿಗೇ ಬಂತು. ಇಬ್ಬರು ಕಾಯಂ ನೌಕರರ ಜಾಮೀನು ಬೇಕು. ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದ ಕೂಡಲೇ ಒಪ್ಪಿ ಸಹಿ ಹಾಕಿದರು, ಆದರೆ ಅವರ ನಿವೃತ್ತಿಗೆ ನಾಲ್ಕು ವರ್ಷ ಚಿಲ್ಲರೆ ಉಳಿದಿತ್ತು. ಎರಡು ವರ್ಷದ ರಜೆ, ಅದರ ಮೇಲೆ ನಾಲ್ಕು ವರ್ಷದ ಕಡ್ಡಾಯ ಸೇವೆ, ಒಟ್ಟು ಆರು ವರ್ಷ. ಅಷ್ಟೂ ಕಾಲ ಜಾಮೀನುದಾರರು ಸೇವೆಯಲ್ಲಿರಬೇಕೆಂಬ ಕಾರಣಕ್ಕೆ ಅವರ ಸಹಿಯನ್ನು ತಿರಸ್ಕರಿಸಿದರು. ಅವರಿಗೆ ಇದನ್ನು ಹೇಳುವುದು ನನಗೆ ಹಿಂಸೆಯಾಯಿತು. ಅವರೇ ನಕ್ಕು ಇನ್ನೊಬ್ಬರನ್ನು ಗೊತ್ತುಮಾಡಿಕೊಟ್ಟರು. ಇದೇ ಲೆಕ್ಕ ಅರ್ಜಿದಾರರಿಗೂ ಅನ್ವಯಿಸುತ್ತದೆ. ರಜೆ ಮತ್ತು ಕಡ್ಡಾಯ ಸೇವೆ ಎರಡೂ ಮುಗಿಯುವಷ್ಟು ಸೇವಾವಧಿ ಉಳಿದಿರದಿದ್ದರೆ ಅರ್ಜಿ ನಿಲ್ಲುವುದಿಲ್ಲ.

ಇನ್ನು ವೇತನದ ವಿಷಯ. ಮೊತ್ತ ಹೇಳಿದರೆ ಯಾರಿಗೂ ಉಪಯೋಗವಿಲ್ಲವಾದ್ದರಿಂದ ನನ್ನ ತಿಂಗಳ ವೇತನ 100 ಎಂದು ಇಟ್ಟುಕೊಂಡು ಹೇಳುತ್ತೇನೆ. ಅದರಲ್ಲಿ ಮೂಲ ವೇತನ 60, ನಿಯಮಿತ ಭತ್ಯೆಗಳು 25, ಪಾಳಿ ಮತ್ತು ಓಡಾಟಕ್ಕೆಂದು ಕೊಡುವ ಭತ್ಯೆ 15. ಈ ಕೊನೆಯ 15 ಕರ್ತವ್ಯದಲ್ಲಿದ್ದರೆ ಮಾತ್ರ ಸಿಗುವಂಥದ್ದು. ಆದ್ದರಿಂದ ಪೂರ್ಣ ವೇತನದ ಮೊದಲ ವರ್ಷದಲ್ಲೇ ನನಗೆ ಬಂದದ್ದು 85. ಎರಡನೆಯ ವರ್ಷದ ಅರ್ಧ ವೇತನವೆಂದರೆ 50 ಎಂದು ನಾನು ಲೆಕ್ಕ ಹಾಕಿದ್ದೆ, ಆದರೆ ಅದು 85ರ ಅರ್ಧ, ಅಂದರೆ 42.5.

ಪೆಟ್ಟು ಬಿದ್ದದ್ದು ಕಡಿತದಲ್ಲಿ. ಭವಿಷ್ಯ ನಿಧಿಯ ನನ್ನ ವಂತಿಗೆಯನ್ನು ಎರಡನೆಯ ವರ್ಷವೂ ಪೂರ್ಣ ಮೂಲ ವೇತನದ ಮೇಲೆಯೇ ಹಿಡಿಯುತ್ತಿದ್ದರು, ಅದು 6. ಸಂಸ್ಥೆಯಿಂದ ಪಡೆದಿದ್ದ ಸಾಲದ ಕಂತು 15. ವೇತನ ಅರ್ಧವಾದರೂ ಈ 21 ಅರ್ಧವಾಗಲಿಲ್ಲ. ತೆರಿಗೆಯನ್ನು ಬದಿಗಿಟ್ಟರೂ, ರಜೆಗೆ ಮುಂಚೆ 79 ಕೈಗೆ ಬರುತ್ತಿದ್ದ ನನಗೆ ಮೊದಲ ವರ್ಷ 64, ಎರಡನೆಯ ವರ್ಷ 21.5 ಬರತೊಡಗಿತು. ಅರ್ಧ ವೇತನದ ಮೊದಲ ತಿಂಗಳು ವೇತನ ಚೀಟಿ ನೋಡಿದಾಗ ಯಾವುದೋ ತಪ್ಪಾಗಿದೆಯೆಂದೇ ತಿಳಿದು ಲೆಕ್ಕಪತ್ರ ವಿಭಾಗಕ್ಕೆ ಫೋನ್ ಮಾಡಿದೆ. ಅಲ್ಲಿನ ಹಿರಿಯರು ಒಂದೊಂದೇ ಸಾಲನ್ನು ಓದಿ ಹೇಳಿ, "ತಪ್ಪೇನೂ ಇಲ್ಲ ಸರ್, ಕಂತನ್ನು ಇಳಿಸಿ ಅವಧಿಯನ್ನು ಹೆಚ್ಚಿಸಲು ಅವಕಾಶವಿತ್ತು. ಆದರೆ ಅರ್ಧ ವೇತನ ಶುರುವಾಗುವುದಕ್ಕೆ ಮುಂಚೆ ಕೇಳಿಕೊಳ್ಳಬೇಕಿತ್ತು" ಎಂದರು. ನಿಮಗೆ ಸಾಲವಿದ್ದರೆ ಈ ಕೋರಿಕೆಯನ್ನು ರಜೆಯ ಅರ್ಜಿಯ ಜೊತೆಗೇ ಇಡಿ.

ಶುಲ್ಕದ ಪ್ರಾಯೋಜಕತ್ವವೂ ಇದೇ ಬಗೆಯದು. ಅದೇ ಅಳತೆಯಲ್ಲಿ ಹೇಳುವುದಾದರೆ ನಾಲ್ಕು ಸೆಮಿಸ್ಟರ್‌ಗೆ ಒಟ್ಟು ಶುಲ್ಕ 600, ಪ್ರತಿ ಸೆಮಿಸ್ಟರ್‌ಗೆ 150. ಮುಕ್ಕಾಲು ಪಾಲು, ಅಂದರೆ ಸೆಮಿಸ್ಟರ್‌ಗೆ 112.5, ಸಂಸ್ಥೆ ಕೊಡಬೇಕು. ಆದರೆ ಮುಂಗಡವಾಗಿ ಅಲ್ಲ. ನಾನು ಮೊದಲು ಪೂರ್ತಿ ಕಟ್ಟಿ, ತೇರ್ಗಡೆಯಾದ ಅಂಕಪಟ್ಟಿಯನ್ನೂ ರಸೀದಿಯನ್ನೂ ಸಲ್ಲಿಸಿದ ಮೇಲೆ ಮರುಪಾವತಿ. ಮೊದಲ ಸೆಮಿಸ್ಟರ್‌ನ ಫಲಿತಾಂಶ ಬಂದದ್ದು ಎಂಟನೆಯ ತಿಂಗಳಲ್ಲಿ, ಹಣ ಬಂದದ್ದು ಹತ್ತನೆಯ ತಿಂಗಳಲ್ಲಿ. ಅಷ್ಟರಲ್ಲಿ ಎರಡನೆಯ ಸೆಮಿಸ್ಟರ್‌ನ ಶುಲ್ಕವನ್ನೂ ಕಟ್ಟಿಯಾಗಿತ್ತು. ಹಾಗಾಗಿ ಪ್ರಾಯೋಜಿತ ವಿದ್ಯಾರ್ಥಿಯಾಗಿದ್ದರೂ ಮೂರು ತಿಂಗಳ ವೇತನದಷ್ಟು ಹಣವನ್ನು ಕೈಯಿಂದ ಹಾಕಿಯೇ ಮೊದಲ ವರ್ಷ ಕಳೆದೆ. ಪರೀಕ್ಷಾ ಶುಲ್ಕ, ಗ್ರಂಥಾಲಯದ ಠೇವಣಿ, ವಸತಿ ಇವು ಯಾವುವೂ ಬೋಧನಾ ಶುಲ್ಕವಲ್ಲ, ಆದ್ದರಿಂದ ಅವುಗಳಿಗೆ ಏನೂ ಸಿಗಲಿಲ್ಲ. ವಿಶ್ವವಿದ್ಯಾಲಯದ ರಸೀದಿಯಲ್ಲಿ ಎಲ್ಲವೂ ಒಂದೇ ಮೊತ್ತವಾಗಿ ನಮೂದಾಗಿದ್ದುದರಿಂದ ನನ್ನ ಮೊದಲ ಬಿಲ್ಲು ಆಕ್ಷೇಪಣೆಯೊಂದಿಗೆ ಮರಳಿತು. ಬಾಬ್ತುವಾರು ರಸೀದಿ ಕೇಳಿ ಪಡೆಯಲು ಇನ್ನೂ ಹದಿನೈದು ದಿನವಾಯಿತು. ಎರಡನೆಯ ಸೆಮಿಸ್ಟರ್‌ನಿಂದ ಹಣ ಕಟ್ಟುವ ಕಿಟಕಿಯಲ್ಲೇ ಬಿಡಿಬಿಡಿಯಾಗಿ ಬರೆಸಿಕೊಳ್ಳತೊಡಗಿದೆ.

ಆರು ತಿಂಗಳಿಗೊಮ್ಮೆ ಮಾರ್ಗದರ್ಶಕರ ಸಹಿಯುಳ್ಳ ಪ್ರಗತಿ ವರದಿ ಕಳಿಸಬೇಕು. ಎರಡನೆಯ ವರದಿಯ ಹೊತ್ತಿಗೆ ನನ್ನ ಮಾರ್ಗದರ್ಶಕರು ದೀರ್ಘ ಪ್ರವಾಸದಲ್ಲಿದ್ದರು, ವರದಿ ತಡವಾಯಿತು, ಎರಡು ತಿಂಗಳ ವೇತನವನ್ನು ತಡೆಹಿಡಿದರು. ಆಮೇಲೆ ಹಿಂಬಾಕಿಯಾಗಿ ಬಂತು. ವಿಭಾಗದ ಮುಖ್ಯಸ್ಥರ ಸಹಿಯೂ ಸಾಕೆಂದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ.

ಈ ಅವಧಿಯಲ್ಲಿ ಸೇವೆಯ ಲೆಕ್ಕ ಏನಾಗುತ್ತದೆ ಎಂಬುದನ್ನು ಹಲವರು ನನ್ನನ್ನು ಕೇಳಿದ್ದಾರೆ. ನನ್ನ ವಿಷಯದಲ್ಲಿ ವಾರ್ಷಿಕ ವೇತನ ಬಡ್ತಿಗೂ ಜ್ಯೇಷ್ಠತೆಗೂ ಎರಡೂ ವರ್ಷ ಸೇರಿದವು, ಆದರೆ ಗಳಿಕೆ ರಜೆ ಜಮೆಯಾಗಲಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1974ರಲ್ಲಿ ಅಂಗೀಕರಿಸಿದ ವೇತನಸಹಿತ ಶೈಕ್ಷಣಿಕ ರಜೆಯ ಒಡಂಬಡಿಕೆ, ಅಂದರೆ 140ನೆಯ ಒಡಂಬಡಿಕೆ, ಇಂಥ ರಜೆಯ ಅವಧಿಯನ್ನು ಉದ್ಯೋಗದಿಂದ ಬರುವ ಹಕ್ಕುಗಳ ಲೆಕ್ಕದಲ್ಲಿ ವಾಸ್ತವ ಸೇವೆಗೆ ಸಮನಾಗಿ ಪರಿಗಣಿಸಬೇಕೆಂದು ಹೇಳುತ್ತದೆ. ಆದರೆ ಅದು ಅನುಮೋದಿಸಿದ ದೇಶಗಳನ್ನಷ್ಟೇ ಕಟ್ಟಿಹಾಕುತ್ತದೆ, ಅಲ್ಲಿಯೂ ವಿವರವನ್ನು ಆಯಾ ದೇಶದ ಕಾನೂನು ಮತ್ತು ಒಪ್ಪಂದಗಳಿಗೆ ಬಿಟ್ಟಿದೆ. ಹಾಗಾಗಿ ನಿಮ್ಮ ಮಂಜೂರಾತಿ ಆದೇಶದಲ್ಲಿ ಬಡ್ತಿ, ಜ್ಯೇಷ್ಠತೆ, ನಿವೃತ್ತಿ ಸೌಲಭ್ಯ ಈ ಮೂರರ ಬಗ್ಗೆಯೂ ಸ್ಪಷ್ಟ ಸಾಲುಗಳಿವೆಯೇ ನೋಡಿಕೊಳ್ಳಿ. ನನ್ನದರಲ್ಲಿ ಜ್ಯೇಷ್ಠತೆಯ ಸಾಲು ಇರಲಿಲ್ಲ, ಕೇಳಿ ಸೇರಿಸಿಕೊಂಡೆ.

ನಾಲ್ಕನೆಯ ಸೆಮಿಸ್ಟರ್‌ನಲ್ಲಿ ಪ್ರಬಂಧದ ಕೆಲಸ ಹಿಂದೆ ಬಿತ್ತು. ರಜೆ ಮುಗಿಯಲು ಮೂರು ವಾರವಿರುವಾಗ ಮೂರು ತಿಂಗಳ ವಿಸ್ತರಣೆ ಕೇಳಿದೆ. ವೇತನವಿಲ್ಲದೆ ಕೊಟ್ಟರು. ವೇತನವಿಲ್ಲದ ರಜೆ ತಾನೇ, ಸಂಸ್ಥೆಗೆ ಇದರಿಂದ ಖರ್ಚಿಲ್ಲ, ನನಗೂ ಹೊಸ ಋಣವಿಲ್ಲ ಎಂಬುದು ನನ್ನ ಎಣಿಕೆ. ಜಾಮೀನುದಾರರಿಬ್ಬರೂ ಪೂರಕ ಮುಚ್ಚಳಿಕೆಗೆ ಸಹಿ ಹಾಕಬೇಕೆಂದಾಗಲಾದರೂ ನಾನು ಅನುಮಾನಿಸಬೇಕಿತ್ತು. ಪ್ರಬಂಧ ಎಣಿಸಿದ್ದಕ್ಕಿಂತ ಬೇಗ ಮುಗಿದು, ಎರಡು ತಿಂಗಳು ತುಂಬಿದ ಮರುದಿನವೇ ನಾನು ಕರ್ತವ್ಯಕ್ಕೆ ಹಾಜರಾದೆ.

ಹಾಜರಾದ ಆರು ವಾರಕ್ಕೆ ಬಂದ ಆದೇಶದಲ್ಲಿ ಕಡ್ಡಾಯ ಸೇವೆ ಐವತ್ನಾಲ್ಕು ತಿಂಗಳು ಎಂದಿತ್ತು. ನಾನು ನಲವತ್ತೆಂಟು ಎಂದುಕೊಂಡಿದ್ದೆ. ನಿಯಮದಲ್ಲಿ "ವೇತನಸಹಿತ ರಜೆ" ಎಂದಿರದೆ "ಅಧ್ಯಯನ ರಜೆಯ ಒಟ್ಟು ಅವಧಿ" ಎಂದಿತ್ತು, ವಿಸ್ತರಣೆಯೂ ಅಧ್ಯಯನ ರಜೆಯೇ. ಒಂದು ತಿಂಗಳ ವೇತನವಿಲ್ಲದ ರಜೆಗೆ ಎರಡು ತಿಂಗಳ ಕಡ್ಡಾಯ ಸೇವೆ ಸೇರುತ್ತದೆ ಎಂದರ್ಥ. ಇದು ಮೊದಲೇ ಗೊತ್ತಿದ್ದಿದ್ದರೆ, ರಜೆ ಮುಗಿದ ದಿನವೇ ಹಾಜರಾಗಿ, ಉಳಿದ ಬರವಣಿಗೆಯನ್ನು ಸಂಜೆಗಳಲ್ಲಿ ಮಾಡಿಕೊಂಡು, ಪ್ರಬಂಧ ಸಲ್ಲಿಸುವ ವಾರ ಮಾತ್ರ ಹಳೆಯ ಗಳಿಕೆ ರಜೆ ಹಾಕುತ್ತಿದ್ದೆ. ಗಳಿಕೆ ರಜೆಗೆ ಯಾವ ಕಡ್ಡಾಯ ಸೇವೆಯೂ ಇಲ್ಲ. ಪ್ರಯೋಗದ ಕೆಲಸವೆಲ್ಲ ಮುಗಿದಿದ್ದರಿಂದ ಅದು ಸಾಧ್ಯವೂ ಇತ್ತು.

ವಾದಿಸಲು ಉಳಿದಿದ್ದು ಒಂದೇ ಅಂಶ. ಮಂಜೂರಾದದ್ದು ಮೂರು ತಿಂಗಳಾದರೂ ಬಳಸಿದ್ದು ಎರಡೇ. ಆದೇಶ ಸಿದ್ಧಪಡಿಸಿದವರು ಮಂಜೂರಾತಿ ಪತ್ರವನ್ನು ನೋಡಿ ಇಪ್ಪತ್ತೇಳನ್ನು ಎರಡರಿಂದ ಗುಣಿಸಿದ್ದರು, ನಾನು ಹಾಜರಾದ ದಿನದ ವರದಿ ಆ ಕಡತಕ್ಕೆ ಬಂದೇ ಇರಲಿಲ್ಲ. ಅದು ನನ್ನ ವಿಭಾಗದಲ್ಲೇ ಉಳಿದಿತ್ತು. ಬಳಸದೆ ಬಿಟ್ಟ ರಜೆಯನ್ನು ರದ್ದುಮಾಡಿದ ಆದೇಶ ಮೊದಲು ಬೇಕು, ಅದರ ಆಧಾರದ ಮೇಲೆ ಸೇವಾ ಪುಸ್ತಕದ ನಮೂದು ತಿದ್ದಬೇಕು, ಆಮೇಲೆ ಕಡ್ಡಾಯ ಸೇವೆಯ ಆದೇಶ ಎಂದರು. ಹಾಜರಿ ವರದಿಯ ಪ್ರತಿ, ಹಾಜರಿ ಪುಸ್ತಕದ ಪುಟ, ಮೊದಲ ತಿಂಗಳ ವೇತನ ಚೀಟಿ, ಈ ಮೂರನ್ನು ಇಟ್ಟು ಮನವಿ ಕೊಟ್ಟೆ. ಮೂರು ಮೇಜು ದಾಟಲು ಹನ್ನೊಂದು ವಾರ ಬೇಕಾಯಿತು. ಇಪ್ಪತ್ತಾರರ ಎರಡರಷ್ಟು, ಐವತ್ತೆರಡು ತಿಂಗಳು ಎಂದು ಈಗ ತಿದ್ದಿದ್ದಾರೆ. ಕಡ್ಡಾಯ ಸೇವೆಯ ಗಡಿಯಾರ ಹಾಜರಾದ ದಿನದಿಂದಲೇ ಶುರುವಾಗುತ್ತದೆ, ಪದವಿ ಪ್ರಮಾಣಪತ್ರ ಕೊಟ್ಟ ದಿನದಿಂದ ಅಲ್ಲ ಎಂಬುದನ್ನೂ ಅದರಲ್ಲೇ ಬರೆಸಿಕೊಂಡೆ. ಅದರ ಮಧ್ಯೆ ನಾನು ವೇತನರಹಿತ ರಜೆ ಪಡೆದರೆ ಅಷ್ಟು ದಿನ ಕೊನೆಯ ದಿನಾಂಕ ಮುಂದಕ್ಕೆ ಹೋಗುತ್ತದೆ.

ಹಣದ ಹೊಣೆ ಎಷ್ಟೆಂಬುದನ್ನು ಲೆಕ್ಕಪತ್ರ ವಿಭಾಗದಿಂದ ಬರೆಸಿಕೊಂಡಿದ್ದೇನೆ. ಮೊದಲ ವರ್ಷದ ವೇತನ 1020, ಎರಡನೆಯ ವರ್ಷದ್ದು 510, ಶುಲ್ಕ 450, ಒಟ್ಟು 1980. ಅಂದರೆ ಹತ್ತೊಂಬತ್ತು ಮುಕ್ಕಾಲು ತಿಂಗಳ ವೇತನಕ್ಕಿಂತ ತುಸು ಹೆಚ್ಚು. ಐವತ್ತೆರಡರಲ್ಲಿ ಹದಿಮೂರು ತಿಂಗಳು ಮುಗಿಸಿ ಬಿಟ್ಟರೆ ಅದರ ಮುಕ್ಕಾಲು, 1485, ಕಟ್ಟಬೇಕು. ಗಮನಿಸಬೇಕಾದದ್ದೇನೆಂದರೆ ವಸೂಲಿ ಮಾಡುವುದು ಕಡಿತಕ್ಕೆ ಮುಂಚಿನ ವೇತನವನ್ನು, ನಿಮ್ಮ ಕೈಗೆ ಬಂದದ್ದನ್ನಲ್ಲ. ತೆರಿಗೆಯೆಂದು ಮೊದಲೇ ಕತ್ತರಿಸಿಹೋದ ಹಣವೂ ಅದರಲ್ಲಿ ಸೇರಿರುತ್ತದೆ. ಹೊಸ ಕೆಲಸ ಕೊಡುವವರು ಈ ಮೊತ್ತವನ್ನು ತುಂಬಿಕೊಡುವುದುಂಟು, ಆದರೆ ಅವರಿಗೂ ತೋರಿಸಬೇಕಾದದ್ದು ಈ ಲಿಖಿತ ಲೆಕ್ಕವನ್ನೇ.

ತಿದ್ದಿದ ಆದೇಶದ ಪ್ರತಿಯನ್ನು ಜಾಮೀನುದಾರರಿಬ್ಬರಿಗೂ ಕೊಟ್ಟೆ, ಏಕೆಂದರೆ ಅವರ ಹೊಣೆಯೂ ಅದೇ ದಿನಾಂಕಕ್ಕೆ ಮುಗಿಯುತ್ತದೆ, ಕಚೇರಿಯಿಂದ ಅವರಿಗೆ ಯಾರೂ ತಿಳಿಸುವುದಿಲ್ಲ. ಒಬ್ಬರು ಓದದೆ ಜೇಬಿಗಿಟ್ಟುಕೊಂಡರು. ಇನ್ನೊಬ್ಬರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಕೊನೆಯ ದಿನಾಂಕದ ಕೆಳಗೆ ಪೆನ್ಸಿಲ್‌ನಿಂದ ಗೆರೆ ಎಳೆದು, ತಮ್ಮ ನಿವೃತ್ತಿಗೆ ಅದರಾಚೆ ಇನ್ನೂ ಐದು ತಿಂಗಳಿದೆ ಎಂದು ಎಣಿಸಿ ನೋಡಿ, ಮೇಜಿನ ಖಾನೆಯಲ್ಲಿ ಇಟ್ಟು ಬೀಗ ಹಾಕಿದರು.